ಮುಟ್ಟಲಾಗದ ಸರಕಿನ ವಿವರಣೆ

ಆನ್‌ಲೈನ್‌ನಲ್ಲಿ ಮಾರುವ ಲಗ್ನಪತ್ರಿಕೆಯ ಟೆಂಪ್ಲೇಟ್ ಎಂದರೆ ಕೊಂಡವರು ಹೆಸರು, ಮುಹೂರ್ತಗಳನ್ನು ತಾವೇ ತುಂಬಿಕೊಳ್ಳುವ ಫೈಲ್. ಮುಟ್ಟಿ ನೋಡಲಾಗದ ಈ ಸರಕನ್ನು ವಿವರಣೆಯೇ ಕಾಣಿಸಬೇಕು. ‘ಸುಂದರ ವಿನ್ಯಾಸಗಳು’ ಎಂದರೆ ಏನೂ ತಿಳಿಯದು. ‘10 ವಿನ್ಯಾಸ, 5×7 ಇಂಚು, ಕ್ಯಾನ್ವಾದ ಉಚಿತ ಖಾತೆಯಲ್ಲೇ ತಿದ್ದಬಹುದು, ಪಿಡಿಎಫ್ ಆಗಿ ಇಳಿಸಿ ಮುದ್ರಿಸಬಹುದು’ ಎಂದರೆ ತಮಗೆ ಆಗುತ್ತದೋ ಇಲ್ಲವೋ ಎಂದು ಕೊಳ್ಳುವವರೇ ತೀರ್ಮಾನಿಸುತ್ತಾರೆ.

ಮಾದರಿ ಚಿತ್ರದಲ್ಲಿ ‘ವಧುವಿನ ಹೆಸರು’ ಎಂದು ಬಿಟ್ಟರೆ ಸಾಲದು. ತಂದೆ-ತಾಯಿ, ಊರು, ಕಲ್ಯಾಣ ಮಂಟಪದ ವಿಳಾಸ ಎಲ್ಲ ತುಂಬಿದ ಪುಟವನ್ನೇ ತೋರಿಸಬೇಕು; ನಮ್ಮ ಪತ್ರಿಕೆಗಳಲ್ಲಿ ಬಂಧುಗಳ ಪಟ್ಟಿಯೇ ಅರ್ಧ ಜಾಗ ನುಂಗುತ್ತದೆ.

ಕನ್ನಡದ ಮಟ್ಟಿಗೆ ಹೆಚ್ಚು ತಕರಾರು ಬರುವುದು ಅಕ್ಷರಶೈಲಿಯಿಂದ. ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿ ಮಾಡಿದ ವರ್ಡ್ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಹಾಗಾಗಿ ಫಾಂಟಿನ ಹೆಸರು, ಅದು ಯುನಿಕೋಡೋ ಅಲ್ಲವೋ ಎಂಬುದನ್ನು ಬರೆಯಲೇಬೇಕು.

ಏನು ಬರುವುದಿಲ್ಲ ಎಂಬುದೂ ವಿವರಣೆಯ ಭಾಗ: ಅಚ್ಚಾದ ಕಾರ್ಡು ಮನೆಗೆ ಬರದು, ಬಣ್ಣ ಬದಲಿಸಲಾಗದು ಇತ್ಯಾದಿ. ‘ಕಾರ್ಡು ಯಾವಾಗ ತಲುಪುತ್ತದೆ?’ ಎಂದು ಗ್ರಾಹಕರು ಮತ್ತೆ ಮತ್ತೆ ಕೇಳುತ್ತಿದ್ದರೆ, ಆ ಸಾಲು ಬಹುಶಃ ಯಾರ ಕಣ್ಣಿಗೂ ಬೀಳದಷ್ಟು ಕೆಳಗಿದೆ.