ಅಮ್ಮನ ಮಗ್ಗುಲಲ್ಲಿ ಈಗ ಪಾಪು: ದೊಡ್ಡ ಮಗುವಿನ ನಿದ್ದೆ ಯಾಕೆ ಕೆಡುತ್ತದೆ?

ಎರಡನೇ ಮಗು ಮನೆಗೆ ಬಂದ ಹೊಸತರಲ್ಲಿ ದೊಡ್ಡದು ಹಗಲೆಲ್ಲ ಚೆನ್ನಾಗಿಯೇ ಇರುತ್ತದೆ. ಪಾಪುವಿನ ಪುಟ್ಟ ಬೆರಳು ಹಿಡಿದು ನೋಡುತ್ತದೆ, ಬಂದವರಿಗೆಲ್ಲ ‘ನಮ್ಮ ಪಾಪು’ ಎಂದು ತೋರಿಸುತ್ತದೆ. ಕಷ್ಟ ಶುರುವಾಗುವುದು ರಾತ್ರಿ ದೀಪ ಆರಿಸುವ ಹೊತ್ತಿಗೆ. ಎಂಟೂವರೆಗೆಲ್ಲ ಕಥೆ ಕೇಳುತ್ತಾ ನಿದ್ದೆ ಹೋಗುತ್ತಿದ್ದ ಎರಡೂವರೆ ವರ್ಷದ ಹುಡುಗಿ ಹತ್ತೂವರೆಯಾದರೂ ಕಣ್ಣು ಮುಚ್ಚುವುದಿಲ್ಲ. ನೀರು ಬೇಕು, ಸುಸು ಬಂತು, ಕತ್ತಲು ಬೇಡ, ಅಮ್ಮನೇ ಬರಬೇಕು. ನಡುರಾತ್ರಿ ಎದ್ದು ರಚ್ಚೆ ಹಿಡಿಯುತ್ತಾಳೆ. ಬಿಟ್ಟುಹೋಗಿದ್ದ ಬಾಟಲಿ ಕೇಳುತ್ತಾಳೆ, ಒಣಗಿರುತ್ತಿದ್ದ ಹಾಸಿಗೆ ಮತ್ತೆ ಒದ್ದೆಯಾಗುತ್ತದೆ. ಹಿರಿಯರು ‘ಹೊಟ್ಟೆಕಿಚ್ಚು, ಇನ್ನೇನು’ ಎಂದು ಹೇಳಿ ಸುಮ್ಮನಾಗುತ್ತಾರೆ.

ಹೊಟ್ಟೆಕಿಚ್ಚೂ ಇದ್ದೀತು. ಆದರೆ ನಿದ್ದೆ ಕೆಡುವುದಕ್ಕೆ ಅದಕ್ಕಿಂತ ಸರಳವಾದ, ಸರಿಪಡಿಸಬಹುದಾದ ಕಾರಣಗಳಿವೆ.

ನಮ್ಮ ಮನೆಗಳಲ್ಲಿ ಬಹುಪಾಲು ಮಕ್ಕಳು ಮಲಗುವುದು ಅಮ್ಮನ ಮಗ್ಗುಲಲ್ಲಿ. ಒಂದು ಮಗುವಿಗೆ ಅಮ್ಮನ ಹೊಟ್ಟೆಯ ಮೇಲೆ ಕೈ ಇರಬೇಕು, ಇನ್ನೊಂದಕ್ಕೆ ಕೂದಲು ಬೆರಳಿಗೆ ಸುತ್ತಿಕೊಂಡಿರಬೇಕು, ಮತ್ತೊಂದಕ್ಕೆ ಸೆರಗಿನ ತುದಿ ಬೇಕು. ಯಾರೂ ಇಡೀ ರಾತ್ರಿ ಒಂದೇ ಸಮನೆ ಗಾಢವಾಗಿ ಮಲಗಿರುವುದಿಲ್ಲ. ನಿದ್ದೆ ಆಳಕ್ಕಿಳಿದು ಮತ್ತೆ ಮೇಲೆ ಬರುತ್ತಿರುತ್ತದೆ, ಪುಟ್ಟ ಮಕ್ಕಳಲ್ಲಿ ಈ ಸುತ್ತು ದೊಡ್ಡವರಿಗಿಂತ ಚಿಕ್ಕದು. ಪ್ರತಿ ಸುತ್ತಿನ ಕೊನೆಗೆ ಮಗುವಿಗೆ ಅರೆ ಎಚ್ಚರವಾಗುತ್ತದೆ. ಮಲಗುವಾಗ ಏನಿತ್ತೋ ಅದು ಹಾಗೆಯೇ ಕೈಗೆ ಸಿಕ್ಕರೆ ಹೊರಳಿ ಮಲಗುತ್ತದೆ. ಕೈ ಚಾಚಿದಾಗ ಅಮ್ಮನ ಬದಲು ಗೋಡೆ ಸಿಕ್ಕರೆ, ಅಥವಾ ಅಮ್ಮ ಬೆನ್ನು ತಿರುಗಿಸಿ ಪಾಪುವಿಗೆ ಹಾಲು ಕೊಡುತ್ತಿದ್ದರೆ, ಪೂರ್ತಿ ಎಚ್ಚರವಾಗಿಬಿಡುತ್ತದೆ. ಪಾಪು ಹುಟ್ಟಿದ ದಿನವೇ ಈ ಜಾಗ ಕೈತಪ್ಪಿದರೆ, ಆ ಮಗುವಿನ ಲೆಕ್ಕದಲ್ಲಿ ಜಾಗ ಕಿತ್ತುಕೊಂಡದ್ದು ಪಾಪುವೇ.

ಇನ್ನೊಂದು ಕಾರಣ ಗಡಿಯಾರಕ್ಕೆ ಸಂಬಂಧಿಸಿದ್ದು. ಎಳೆಗೂಸಿನ ಅಳು ಮೊದಲ ವಾರಗಳಲ್ಲಿ ದಿನದಿಂದ ದಿನಕ್ಕೆ ಏರುತ್ತಾ ಹೋಗಿ ಸುಮಾರು ಆರನೇ ವಾರದಲ್ಲಿ ತುದಿ ಮುಟ್ಟುತ್ತದೆ, ಆಮೇಲೆ ಇಳಿಯುತ್ತದೆ. ಅದೂ ಹೆಚ್ಚಾಗಿ ಸಂಜೆಯಿಂದ ರಾತ್ರಿಯ ತನಕ. ಅದೇ ಹೊತ್ತಿಗೆ ಕೂಸು ಮತ್ತೆ ಮತ್ತೆ ಹಾಲಿಗೆ ಹಾತೊರೆಯುತ್ತದೆ. ದೊಡ್ಡ ಮಗು ಮಲಗುವ ಹೊತ್ತೂ ಅದೇ. ಮೊದಲ ವಾರ ಮನೆ ತುಂಬ ಜನ, ಸಂಭ್ರಮ, ಎಲ್ಲ ಸಲೀಸಾಗಿ ನಡೆದುಹೋಯಿತು ಎಂದುಕೊಂಡವರಿಗೆ ಮೂರನೆಯ, ನಾಲ್ಕನೆಯ ವಾರದಲ್ಲಿ ಇದ್ದಕ್ಕಿದ್ದಂತೆ ರಾತ್ರಿಗಳು ಕೆಡುವುದು ಇದರಿಂದ. ನೆಂಟರು ಹೊರಟುಹೋಗಿರುತ್ತಾರೆ, ಅಪ್ಪನ ರಜೆ ಮುಗಿದಿರುತ್ತದೆ, ಕೂಸಿನ ಅಳು ಏರುಮುಖದಲ್ಲಿರುತ್ತದೆ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜೂಡಿ ಡನ್ ಮತ್ತು ಕ್ಯಾರಲ್ ಕೆಂಡ್ರಿಕ್ ಎಂಬ ಸಂಶೋಧಕಿಯರು 40 ಕುಟುಂಬಗಳ ಮನೆಗೇ ಹೋಗಿ, ಎರಡನೇ ಮಗು ಹುಟ್ಟುವ ಮೊದಲೂ ಆಮೇಲೂ ಚೊಚ್ಚಲ ಮಕ್ಕಳನ್ನು ಗಮನಿಸಿದರು. 1982ರಲ್ಲಿ ಅದು ಪುಸ್ತಕವಾಗಿ ಬಂತು. ಹಟ, ಅಂಟಿಕೊಳ್ಳುವುದು, ನಿದ್ದೆಯ ತೊಂದರೆ ಬಹಳ ಮಕ್ಕಳಲ್ಲಿ ಕಂಡಿತ್ತು. ಕೂಸನ್ನು ‘ಇವನಿಗೆ ಹಸಿವಾಗಿದೆ ಅನಿಸುತ್ತೆ, ನಿನಗೇನನ್ನಿಸುತ್ತೆ?’ ಎಂದು ಒಬ್ಬ ವ್ಯಕ್ತಿಯ ಹಾಗೆ ಪರಿಚಯಿಸಿದ ತಾಯಂದಿರ ಮನೆಗಳಲ್ಲಿ ಒಡಹುಟ್ಟಿದವರ ನಡುವಿನ ಸ್ನೇಹ ಹೆಚ್ಚಿತ್ತು ಎಂಬುದೂ ಅವರು ಕಂಡುಕೊಂಡ ಸಂಗತಿ.

ತಯಾರಿಯ ಮುಖ್ಯ ಸೂತ್ರ ಒಂದೇ: ರಾತ್ರಿಯ ಏರ್ಪಾಟಿನಲ್ಲಿ ಏನೇ ಬದಲಾಗಬೇಕಿದ್ದರೂ ಅದು ಹೆರಿಗೆಗೆ ಎರಡು ಮೂರು ತಿಂಗಳ ಮೊದಲೇ ಆಗಿಬಿಡಬೇಕು. ಆಗದಿದ್ದರೆ ಪಾಪು ಬಂದು ಎರಡು ಮೂರು ತಿಂಗಳಾಗುವ ತನಕ ಕಾಯಬೇಕು. ಹೊಸ ಮಂಚ, ಬೇರೆ ಕೋಣೆ, ಡೈಪರ್ ಬಿಡಿಸುವುದು, ಪ್ಲೇ ಹೋಂ ಸೇರಿಸುವುದು, ಯಾವುದನ್ನೂ ಎಂಟು ಒಂಬತ್ತನೇ ತಿಂಗಳಲ್ಲಿ ಶುರು ಮಾಡಬೇಡಿ.

ಮೊದಲು ಬದಲಾಗಬೇಕಾದದ್ದು ಮಲಗಿಸುವ ಕೈ. ಆರನೇ ತಿಂಗಳಿಂದಲೇ ವಾರಕ್ಕೆರಡು ರಾತ್ರಿ ಅಪ್ಪ ಮಲಗಿಸಲಿ, ಇಲ್ಲವೇ ಮುಂದೆ ಮನೆಯಲ್ಲಿ ಇರುವ ಅಜ್ಜಿ. ಅಮ್ಮ ಪಕ್ಕದ ಕೋಣೆಯಲ್ಲಿರಲಿ. ಮೊದಲ ರಾತ್ರಿಗಳಲ್ಲಿ ಅಳು ಇದ್ದೇ ಇರುತ್ತದೆ. ಅಳುತ್ತಿದ್ದಾಳೆಂದು ಪ್ರತಿ ಸಲ ಅಮ್ಮ ಓಡಿಬಂದರೆ, ಇನ್ನೂ ಸ್ವಲ್ಪ ಅತ್ತರೆ ಅಮ್ಮ ಬರುತ್ತಾಳೆ ಎಂದು ಮಗು ಕಲಿಯುತ್ತದೆ. ಅಪ್ಪ ಪಕ್ಕದಲ್ಲೇ ಇದ್ದು, ತಟ್ಟುತ್ತಾ, ಅಳು ನಿಲ್ಲುವವರೆಗೆ ಕೂತರೆ ಮಗು ಒಂಟಿಯಾಗಿರುವುದಿಲ್ಲ. ಒಗ್ಗಿದ ಮೇಲೆ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಹಾಗೆ ಮಾಡಿ. ಹಾಸಿಗೆಯಲ್ಲಿ ಮಗುವಿನ ಜಾಗವೂ ಆಗಲೇ ಅಪ್ಪನ ಆಚೆ ಬದಿಗೆ ಹೋಗಲಿ. ಹೀಗಾದರೆ ಆ ಜಾಗ ಅವಳ ಸ್ವಂತದ್ದಾಗುತ್ತದೆ, ಪಾಪು ಬಂದ ಮೇಲೂ ಹಾಗೆಯೇ ಉಳಿಯುತ್ತದೆ.

ಇದರಲ್ಲಿ ಕೂಸಿನ ಸುರಕ್ಷತೆಯೂ ಇದೆ. ಎರಡು ಮೂರು ವರ್ಷದ ಮಗು ನಿದ್ದೆಯಲ್ಲಿ ಒದೆಯುತ್ತದೆ, ಹೊರಳುತ್ತದೆ. ಅದರ ಪಕ್ಕದಲ್ಲಿ ಎಳೆಗೂಸನ್ನು ಎಂದೂ ಮಲಗಿಸಬಾರದು. ಕೂಸಿಗೆ ಅಮ್ಮನ ಕೈಗೆಟುಕುವಂತೆ ಬೇರೆಯದೇ ಗಟ್ಟಿ, ಸಮತಟ್ಟಾದ ಹಾಸಿಗೆ ಇರಬೇಕು. ತಲೆದಿಂಬು, ದಪ್ಪ ಹೊದಿಕೆ ಇಲ್ಲದೆ ಅಂಗಾತ ಮಲಗಿಸಬೇಕು.

ದೊಡ್ಡ ಮಗು ಇನ್ನೂ ಅಮ್ಮನ ಹಾಲು ಕುಡಿದೇ ನಿದ್ದೆ ಹೋಗುತ್ತಿದ್ದರೆ ಅದನ್ನೂ ನಿಧಾನವಾಗಿ ಬೇರ್ಪಡಿಸಬೇಕು. ಹಾಲು ಕೊಡುವುದು ಕಥೆಗಿಂತ ಮೊದಲು, ದೀಪ ಉರಿಯುತ್ತಿರುವಾಗಲೇ ಮುಗಿಯಲಿ. ಆಗ ಹಾಲಿಗೂ ನಿದ್ದೆಗೂ ಇರುವ ಗಂಟು ಸಡಿಲವಾಗುತ್ತದೆ. ಗರ್ಭಿಣಿಯಲ್ಲಿ ಹಾಲು ತಾನಾಗಿಯೇ ಕಡಿಮೆಯಾಗುವುದರಿಂದ ಕೆಲವು ಮಕ್ಕಳು ತಾವೇ ಬಿಡುತ್ತವೆ. ಹೆರಿಗೆ ಹತ್ತಿರವಿರುವಾಗ ಬೇವಿನ ರಸ ಹಚ್ಚಿ ಒಂದೇ ದಿನಕ್ಕೆ ಬಿಡಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಅಮ್ಮನ ಮೈಯೇ ಕಹಿಯಾದ ಮರುವಾರ ಅದೇ ಮಡಿಲಲ್ಲಿ ಬೇರೊಂದು ಕೂಸು ಹಾಲು ಕುಡಿಯುವುದನ್ನು ಆ ಮಗು ನೋಡಬೇಕಾಗುತ್ತದೆ.

ಬಾಣಂತನಕ್ಕೆ ತವರಿಗೆ ಹೋಗುವವರು ಇನ್ನೊಂದು ಲೆಕ್ಕ ಹಾಕಬೇಕು. ಹೊಸ ಮನೆ, ಅಪ್ಪನಿಲ್ಲದ ರಾತ್ರಿ, ಹೊಸ ಕೂಸು, ಮೂರೂ ಒಟ್ಟಿಗೆ ಬಿದ್ದರೆ ಯಾವ ಮಗುವಿಗಾದರೂ ಭಾರ. ಮಗುವನ್ನು ಕರೆದುಕೊಂಡು ಹೋಗುವುದಾದರೆ ಒಂದು ತಿಂಗಳು ಮೊದಲೇ ಹೋಗಿ, ಅವಳ ಚಾದರ, ದಿಂಬು, ಎರಡು ಕಥೆಪುಸ್ತಕ ಜೊತೆಗೆ ಹೋಗಲಿ. ಆಸ್ಪತ್ರೆಯ ರಾತ್ರಿಗಳಲ್ಲಿ ಮಲಗಿಸುವವರು ಅಷ್ಟರಲ್ಲಿ ಅವಳಿಗೆ ರೂಢಿಯಾಗಿರಬೇಕು. ಅಪ್ಪನ ಜೊತೆ ಮಗು ಮನೆಯಲ್ಲೇ ಉಳಿದರೆ ಅಮ್ಮನ ವಿಡಿಯೋ ಕಾಲ್ ಊಟಕ್ಕೆ ಮೊದಲು ಬರಲಿ. ಮಲಗುವ ಹೊತ್ತಿಗೆ ಬಂದರೆ ಕಂಡ ಅಮ್ಮ ಮತ್ತೆ ಮಾಯವಾದಂತಾಗಿ ಅಳು ಹೆಚ್ಚುತ್ತದೆ. ಸಿಸೇರಿಯನ್ ಆದರೆ ಕೆಲವು ವಾರ ಅಮ್ಮ ಅವಳನ್ನು ಎತ್ತುವಂತಿಲ್ಲ. ‘ಅಮ್ಮನ ಹೊಟ್ಟೆಗೆ ನೋವಾಗಿದೆ, ನೀನೇ ಹತ್ತಿ ಪಕ್ಕ ಕೂತ್ಕೋ’ ಎಂದು ಹೇಳಿ. ಪಾಪುವಿನ ಹೆಸರು ಅಲ್ಲಿ ಬರುವುದು ಬೇಡ.

‘ಇನ್ಮೇಲೆ ಅಮ್ಮ ನಿನ್ನ ಎತ್ಕೊಳಲ್ಲ, ಪಾಪೂನ್ನೇ ಎತ್ಕೊಳೋದು’ ಎಂದು ತಮಾಷೆ ಮಾಡುವ ನೆಂಟರನ್ನು ನಯವಾಗಿಯೇ ಆದರೂ ತಡೆಯಲೇಬೇಕು. ಎರಡೂವರೆ ವರ್ಷದವಳಿಗೆ ಅದು ತಮಾಷೆಯಲ್ಲ, ಸುದ್ದಿ.

ಇಷ್ಟಾದರೂ ನಿದ್ದೆ ಕೆಟ್ಟರೆ? ಮೇಲೆ ಹೇಳಿದ ಹುಡುಗಿಯನ್ನೇ ಇಟ್ಟುಕೊಂಡು ನೋಡೋಣ. ಎಂಟೂವರೆಗೆ ಮಲಗುತ್ತಿದ್ದವಳು ಈಗ ಹತ್ತೂವರೆಗೆ ಮಲಗುತ್ತಿದ್ದಾಳೆ. ವಿಚಾರಿಸಿದರೆ, ಬಾಣಂತಿಗೆ ವಿಶ್ರಾಂತಿ ಸಿಗಲೆಂದು ಅಜ್ಜಿ ಅವಳನ್ನು ಮಧ್ಯಾಹ್ನ ಐದರ ತನಕ ಮಲಗಲು ಬಿಡುತ್ತಿದ್ದಾರೆ. ಬೆಳಿಗ್ಗೆ ಏಳುವುದೂ ತಡ. ಒಂದೆರಡು ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರರಿಂದ ಐದು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕೆಂದು ತಜ್ಞರು ಹೇಳುವಾಗ ಹಗಲಿನ ನಿದ್ದೆಯೂ ಅದರಲ್ಲಿ ಸೇರಿರುತ್ತದೆ. ಹಗಲು ಉಂಡದ್ದು ರಾತ್ರಿಯ ಪಾಲಿನಿಂದಲೇ ಹೋಗುತ್ತದೆ.

ಆದ್ದರಿಂದ ಮೊದಲು ಏಳುವ ಹೊತ್ತನ್ನು ಗಟ್ಟಿ ಮಾಡಿ, ಏಳು ಗಂಟೆ ಎಂದರೆ ಏಳು. ಮಧ್ಯಾಹ್ನದ ನಿದ್ದೆ ಮೂರರೊಳಗೆ ಮುಗಿಯಲಿ. ಎಂಟೂವರೆಗೇ ಮಲಗಿಸಿ ಎರಡು ಗಂಟೆ ಜಗಳವಾಡುವ ಬದಲು ಸದ್ಯಕ್ಕೆ ಹತ್ತೂಕಾಲಿಗೆ ದೀಪ ಆರಿಸಿ. ಆಗ ಸುಸ್ತಾಗಿರುವ ಮಗು ಬೇಗ ಮಲಗುತ್ತದೆ, ಹಾಸಿಗೆ ಎಂದರೆ ನಿದ್ದೆ ಎಂಬ ನಂಟು ಮರಳುತ್ತದೆ. ಮೂರು ನಾಲ್ಕು ರಾತ್ರಿ ಹೀಗೆ ಸಲೀಸಾದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಹಿಂದಕ್ಕೆ ತನ್ನಿ. ಹತ್ತೂಕಾಲಿನಿಂದ ಎಂಟೂವರೆಗೆ ಏಳು ಮೆಟ್ಟಿಲು, ಸುಮಾರು ಎರಡರಿಂದ ಮೂರು ವಾರ. ಯಾವುದಾದರೂ ಮೆಟ್ಟಿಲಲ್ಲಿ ಮತ್ತೆ ಹೊರಳಾಡತೊಡಗಿದರೆ ಅಲ್ಲೇ ಎರಡು ದಿನ ನಿಲ್ಲಿ.

ಮಲಗುವ ಮುಂಚಿನ ಅರ್ಧ ಗಂಟೆಯ ಕ್ರಮ ಯಾರು ಮಲಗಿಸಿದರೂ ಒಂದೇ ಇರಲಿ: ಕೈಕಾಲು ತೊಳೆಯುವುದು, ಹಲ್ಲುಜ್ಜುವುದು, ಸುಸು, ಒಂದು ಗುಟುಕು ನೀರು, ಎರಡು ಕಥೆ, ದೀಪ, ಒಂದು ಹಾಡು. ಆಮೇಲೆ ಕೇಳುವುದನ್ನೆಲ್ಲ ಮೊದಲೇ ಕೊಟ್ಟಂತಾಗುತ್ತದೆ. ಎದ್ದು ಬಂದರೆ ಹೆಚ್ಚು ಮಾತಿಲ್ಲದೆ, ಗದರದೆ, ಕೈಹಿಡಿದು ಮತ್ತೆ ಮಲಗಿಸುವುದು. ಮೊದಲ ಎರಡು ಮೂರು ರಾತ್ರಿ ಹಟ ಹೆಚ್ಚಾಗಬಹುದು. ಆಗ ಬಿಟ್ಟುಕೊಟ್ಟರೆ ಮುಂದಿನ ಸಲ ಹಟ ಅಲ್ಲಿಂದಲೇ ಶುರುವಾಗುತ್ತದೆ.

ಇದರಲ್ಲಿ ಅಮ್ಮನ ಪಾಲು ಹತ್ತು ನಿಮಿಷ. ಕೂಸಿಗೆ ಹಾಲು ಕೊಟ್ಟು, ಅಜ್ಜಿಯ ಕೈಗೆ ಕೊಟ್ಟು, ಆ ಹತ್ತು ನಿಮಿಷ ದೊಡ್ಡವಳ ಜೊತೆ ಮಾತ್ರ. ನಡುವೆ ಕೂಸು ಅತ್ತರೆ ‘ಪಾಪು, ಸ್ವಲ್ಪ ತಾಳು, ಅಕ್ಕನ ಕಥೆ ಮುಗಿಸ್ತೀನಿ’ ಎಂದು ಅವಳಿಗೆ ಕೇಳುವಂತೆ ಹೇಳಿ, ನಿಜಕ್ಕೂ ಅರ್ಧ ನಿಮಿಷ ಕಾಯಿಸಿ. ‘ತಾಳು, ಪಾಪು ಅಳ್ತಿದೆ’ ಎಂದು ಇಡೀ ದಿನ ಕೇಳಿದವಳಿಗೆ ಒಮ್ಮೆ ಪಾಪುವೂ ಕಾಯುವುದು ದೊಡ್ಡ ಸಂಗತಿ. ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಒಂದು ಬದಿ ಕೂಸಿಗೆ ಹಾಲು ಕೊಡುತ್ತಾ ಇನ್ನೊಂದು ಬದಿ ಕೂತವಳಿಗೆ ಬಾಯಿಕಥೆ ಹೇಳಬೇಕಾಗುತ್ತದೆ. ಪುಸ್ತಕ ಹಿಡಿಯಲು ಕೈ ಇರುವುದಿಲ್ಲ.

ಬಾಟಲಿ ಕೇಳಿದರೆ ಹಗಲಲ್ಲಿ ಆಟಕ್ಕೆ ಕೊಡಿ, ಎರಡು ದಿನಕ್ಕೆ ಬೇಸರವಾಗುತ್ತದೆ. ಹಾಸಿಗೆಯಲ್ಲಿ ಹಾಲಿನ ಬಾಟಲಿ ಮಾತ್ರ ಬೇಡ, ಹಲ್ಲು ಹುಳುಕಾಗುತ್ತದೆ. ಹಾಸಿಗೆ ಒದ್ದೆಯಾದರೆ ಕೆಲವು ವಾರ ರಾತ್ರಿ ಡೈಪರ್ ಹಾಕಿ, ನಾಚಿಕೆಪಡಿಸಬೇಡಿ.

ಎಲ್ಲವನ್ನೂ ಪಾಪುವಿನ ತಲೆಗೆ ಕಟ್ಟಿ ಕೂರುವುದೂ ಅಪಾಯ. ಬಾಯಿ ತೆರೆದು ಗೊರಕೆ ಹೊಡೆಯುವ ಮಗುವಿಗೆ ಮೂಗಿನ ಹಿಂದಿನ ಅಡಿನಾಯ್ಡ್ ಊದಿರಬಹುದು. ಮಲಗಿದ ಮೇಲೆ ಗುದದ ಸುತ್ತ ಕೆರೆದುಕೊಂಡರೆ ಜಂತುಹುಳ, ನೆಗಡಿಯ ಜೊತೆ ಕಿವಿ ಹಿಡಿದು ಅತ್ತರೆ ಕಿವಿಸೋಂಕು ಇರಬಹುದು. ಮಲಗಿದ ಮೊದಲ ಎರಡು ಮೂರು ಗಂಟೆಯೊಳಗೆ ಚೀರಿ ಕೂತು, ಕಣ್ಣು ತೆರೆದಿದ್ದರೂ ನಿಮ್ಮ ಗುರುತು ಹಿಡಿಯದೆ, ಬೆಳಿಗ್ಗೆ ಏನೂ ನೆನಪಿಲ್ಲದಿದ್ದರೆ ಅದು ನಿದ್ದೆಯೊಳಗಿನ ಬೆಚ್ಚು. ಎಬ್ಬಿಸಬೇಡಿ, ಬೀಳದಂತೆ ನೋಡಿಕೊಳ್ಳಿ. ನಿದ್ದೆ ಸಾಲದ ದಿನಗಳಲ್ಲಿ ಇದು ಹೆಚ್ಚು.

ನಿದ್ದೆಯ ಈ ತೊಂದರೆ ಎರಡು ತಿಂಗಳಾದರೂ ಇಳಿಯದಿದ್ದರೆ, ಊಟ ಬಿಟ್ಟರೆ, ಕಲಿತ ಮಾತು ಕಡಿಮೆಯಾದರೆ, ಗೊರಕೆಯ ನಡುವೆ ಉಸಿರು ನಿಂತಂತೆ ಕಂಡರೆ ಮಕ್ಕಳ ವೈದ್ಯರ ಬಳಿ ಹೋಗಬೇಕು. ಹೋಗುವಾಗ ಹಿಂದಿನ ಒಂದು ವಾರ ಮಗು ಮಲಗಿದ, ಎದ್ದ, ನಡುವೆ ಅತ್ತ ಹೊತ್ತನ್ನು ಕಾಗದದಲ್ಲಿ ಗುರುತು ಹಾಕಿಕೊಂಡು ಹೋಗಿ. ಕಾರಣ ಹುಡುಕಲು ವೈದ್ಯರಿಗೆ ಅದು ತುಂಬ ಉಪಯೋಗಕ್ಕೆ ಬರುತ್ತದೆ.