ಸಾಲಾಗಿ ಎಷ್ಟು ಹೆಡ್ ಬಿದ್ದೀತು?

ಒಂದು ನಾಣ್ಯವನ್ನು ಕೊನೆಯಿಲ್ಲದೆ ಚಿಮ್ಮುತ್ತಲೇ ಹೋದರೆ ಸಾಲಾಗಿ 20 ಹೆಡ್ ಬೀಳುವುದು ಎಂದಾದರೂ ನಡೆದೀತೇ? ಖಂಡಿತ ನಡೆಯುತ್ತದೆ. ಒಂದು ಸಲವಲ್ಲ, ಮತ್ತೆ ಮತ್ತೆ, ಲೆಕ್ಕವಿಲ್ಲದಷ್ಟು ಸಲ. 20 ಚಿಮ್ಮುಗಳೂ ಹೆಡ್ ಆಗುವ ಸಂಭವನೀಯತೆ ಸುಮಾರು ಹತ್ತು ಲಕ್ಷಕ್ಕೆ ಒಂದು ಇರಬಹುದು. ಆದರೆ ಅವಕಾಶಗಳಿಗೆ ಕೊನೆಯೇ ಇಲ್ಲದಿದ್ದಾಗ ಎಷ್ಟೇ ಚಿಕ್ಕದಾದರೂ ಬದಲಾಗದ ಸಂಭವನೀಯತೆ ಸಾಕಾಗುತ್ತದೆ.

ಈಗ ಆಟದ ನಿಯಮವನ್ನು ಸ್ವಲ್ಪ ಬಿಗಿ ಮಾಡೋಣ. ಆಟ ಮುಂದುವರಿದಂತೆ ಗೆಲುವಿಗೆ ಬೇಕಾದ ಹೆಡ್‌ಗಳ ಸಾಲೂ ಉದ್ದವಾಗುತ್ತ ಹೋಗಲಿ. n-ನೇ ಚಿಮ್ಮಿನಿಂದ ಶುರುವಾಗುವ ಸಾಲಿನಲ್ಲಿ ಕನಿಷ್ಠ k ಹೆಡ್ ಇದ್ದರೆ ಮಾತ್ರ ಅಲ್ಲಿ ಒಂದು ಗೆಲುವು. ಇಲ್ಲಿ k ಎಂದರೆ, 2 ಅನ್ನು ಅಷ್ಟು ಸಲ ಗುಣಿಸಿದರೆ n² ಅನ್ನು ಮುಟ್ಟುವ ಅಥವಾ ದಾಟುವ ಅತಿ ಚಿಕ್ಕ ಸಂಖ್ಯೆ. 10ನೇ ಚಿಮ್ಮಿನಲ್ಲಿ 7 ಹೆಡ್ ಬೇಕು, 100ರಲ್ಲಿ 14, 1000ದಲ್ಲಿ 20, ಹತ್ತು ಲಕ್ಷದಲ್ಲಿ 40. ಬೇಡಿಕೆ ತುಂಬ ನಿಧಾನವಾಗಿಯೇ ಏರುತ್ತಿದೆ. ಹತ್ತು ಲಕ್ಷ ಚಿಮ್ಮಿದ ಮೇಲೂ ಕೇಳುತ್ತಿರುವುದು ಕೇವಲ 40. ಅವಕಾಶಗಳೋ ಅನಂತ. ಹಾಗಾದರೆ ಗೆಲುವೂ ಅನಂತ ಸಲ ಬರಬೇಕಲ್ಲವೇ?

ಬರುವುದಿಲ್ಲ. ಗೆಲುವುಗಳು ಕೆಲವೇ ಬಂದು ನಿಂತುಹೋಗುತ್ತವೆ. ಒಂದು ಹಂತದ ಆಚೆಗೆ ಆಟ ಎಷ್ಟು ಕಾಲ ನಡೆದರೂ ಒಂದೂ ಗೆಲುವಿಲ್ಲ. ಹೀಗಾಗುವ ಸಂಭವನೀಯತೆ ಪೂರ್ತಿ 1. ಇದನ್ನು ಖಚಿತವಾಗಿ ಹೇಳಿಕೊಡುವ ಫಲಿತಾಂಶಕ್ಕೆ ಬೊರೆಲ್–ಕ್ಯಾಂಟೆಲಿ ಲೆಮ್ಮಾ ಎಂದು ಹೆಸರು. ಘಟನೆಗಳ ಒಂದು ಅನಂತ ಸಾಲಿದ್ದು, ಅವುಗಳ ಸಂಭವನೀಯತೆಗಳನ್ನೆಲ್ಲ ಕೂಡಿದಾಗ ಸೀಮಿತ ಮೊತ್ತ ಬಂದರೆ, ಅವುಗಳಲ್ಲಿ ಸೀಮಿತ ಸಂಖ್ಯೆಯವು ಮಾತ್ರ ನಡೆಯುತ್ತವೆ ಎನ್ನುತ್ತದೆ ಅದು.

ನಮ್ಮ ಆಟದಲ್ಲಿ n-ನೇ ಗೆಲುವಿನ ಸಂಭವನೀಯತೆ 1/n² ಅನ್ನು ಮೀರುವುದಿಲ್ಲ. 1 + 1/4 + 1/9 + 1/16 + … ಎಂದು ಕೂಡುತ್ತ ಹೋದರೆ ಮೊತ್ತ π²/6, ಅಂದರೆ ಸುಮಾರು 1.645 ಎಂದು ಆಯ್ಲರ್ 18ನೇ ಶತಮಾನದಲ್ಲೇ ಕಂಡುಕೊಂಡಿದ್ದ. ಆದರೆ ಲೆಮ್ಮಾ ಯಾಕೆ ನಿಜ ಎಂದು ತಿಳಿಯಲು ಪೂರ್ತಿ ಮೊತ್ತಕ್ಕಿಂತ ಅದರ ಬಾಲವನ್ನು ನೋಡಬೇಕು.

ಮೊದಲ 1000 ಚಿಮ್ಮುಗಳನ್ನು ಬಿಟ್ಟುಬಿಡೋಣ. ಆಮೇಲೆ ಎಂದಾದರೂ ಒಂದು ಗೆಲುವು ಶುರುವಾಗುವ ಸಂಭವನೀಯತೆ ಎಷ್ಟು? ಹಲವು ಘಟನೆಗಳಲ್ಲಿ ಒಂದಾದರೂ ನಡೆಯುವ ಸಂಭವನೀಯತೆ, ಅವುಗಳ ಸಂಭವನೀಯತೆಗಳ ಮೊತ್ತವನ್ನು ಎಂದೂ ಮೀರದು. ಹಾಗಾಗಿ 1/1001² + 1/1002² + … ಎಷ್ಟೆಂದು ಅಂದಾಜು ಮಾಡಿದರೆ ಸಾಕು. ಇಲ್ಲೊಂದು ಸೊಗಸಾದ ಉಪಾಯವಿದೆ. 1/1001² ಎಂಬುದು 1/1000 − 1/1001 ಕ್ಕಿಂತ ಚಿಕ್ಕದು. 1/1002² ಎಂಬುದು 1/1001 − 1/1002 ಕ್ಕಿಂತ ಚಿಕ್ಕದು. ಹೀಗೆ ಬರೆದು ಕೂಡಿದಾಗ ಒಂದರಲ್ಲಿ ಕಳೆದದ್ದು ಮುಂದಿನದರಲ್ಲಿ ಕೂಡಿ ಎಲ್ಲ ವಜಾ ಆಗುತ್ತವೆ, ಮೊದಲ 1/1000 ಮಾತ್ರ ಉಳಿಯುತ್ತದೆ. ಎಂದರೆ 1000 ಚಿಮ್ಮಿನ ನಂತರದ ಇಡೀ ಅನಂತ ಭವಿಷ್ಯದಲ್ಲಿ ಒಂದೇ ಒಂದು ಗೆಲುವಿನ ಸಂಭವನೀಯತೆಯೂ ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಹತ್ತು ಲಕ್ಷದ ನಂತರ ನೋಡಿದರೆ ಅದು ಹತ್ತು ಲಕ್ಷಕ್ಕೆ ಒಂದಕ್ಕಿಂತಲೂ ಕಡಿಮೆ.

ಗೆಲುವು ಅನಂತ ಸಲ ಬರಬೇಕಾದರೆ 1000ದ ಆಚೆಗೂ ಬರಬೇಕು, ಹತ್ತು ಲಕ್ಷದ ಆಚೆಗೂ ಬರಬೇಕು, ಎಲ್ಲಿ ಗೆರೆ ಎಳೆದರೂ ಅದರ ಆಚೆಗೆ ಬರಲೇಬೇಕು. ಆದ್ದರಿಂದ ಅದರ ಸಂಭವನೀಯತೆ ಈ ಎಲ್ಲ ಭಿನ್ನರಾಶಿಗಳಿಗಿಂತಲೂ ಚಿಕ್ಕದಾಗಿರಬೇಕು. ಅಂಥದ್ದು ಸೊನ್ನೆ ಒಂದೇ. ಸಾಧನೆ ಇಷ್ಟೇ.

ಫ್ರಾನ್ಸಿನ ಎಮಿಲ್ ಬೊರೆಲ್ ಈ ವಿಚಾರವನ್ನು ಮುಂದಿಟ್ಟದ್ದು 1909ರಲ್ಲಿ. ಅವನ ಆಸಕ್ತಿ ಇದ್ದದ್ದು ದಶಮಾಂಶ ಸಂಖ್ಯೆಗಳಲ್ಲಿ: ಒಂದು ಸಂಖ್ಯೆಯನ್ನು ಯಾದೃಚ್ಛಿಕವಾಗಿ ಆರಿಸಿದರೆ ಅದರ ದಶಮಾಂಶ ವಿಸ್ತರಣೆಯಲ್ಲಿ 0ಯಿಂದ 9ರವರೆಗಿನ ಅಂಕಿಗಳೆಲ್ಲ ಸಮಪಾಲಿನಲ್ಲಿ ಬರುತ್ತವೆಯೇ ಎಂಬ ಪ್ರಶ್ನೆ. ಅವನು ಲೆಕ್ಕ ಹಾಕಿದ್ದು ಒಂದು ಇನ್ನೊಂದನ್ನು ಪ್ರಭಾವಿಸದ, ಅಂದರೆ ಸ್ವತಂತ್ರವಾದ ಘಟನೆಗಳಿಗೆ. 1917ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ಪಾವೊಲೊ ಕ್ಯಾಂಟೆಲಿ, ಮೊತ್ತ ಸೀಮಿತವಾಗಿದ್ದಾಗ ಸ್ವತಂತ್ರವಾಗಿರಬೇಕೆಂಬ ಷರತ್ತೇ ಬೇಡ ಎಂದು ತೋರಿಸಿದ. ಲೆಮ್ಮಾದ ಇಷ್ಟೊಂದು ಬಳಕೆಗೆ ಈ ಒಂದು ಸಡಿಲಿಕೆಯೇ ಕಾರಣ.

ನಮ್ಮ ನಾಣ್ಯದ ಆಟಕ್ಕೂ ಅದು ಬೇಕೇ ಬೇಕು. 1001ನೇ ಚಿಮ್ಮಿನಿಂದ 25 ಹೆಡ್ ಸಾಲಾಗಿ ಬಿದ್ದವು ಎಂದುಕೊಳ್ಳಿ. ಆಗ 1002ರಿಂದ 24 ಹೆಡ್, 1003ರಿಂದ 23 ಹೆಡ್ ತಾವಾಗಿಯೇ ಸಿಕ್ಕಿಬಿಡುತ್ತವೆ; ಒಂದು ಗೆಲುವಿನ ಬೆನ್ನಿಗೇ ಇನ್ನಷ್ಟು ಗೆಲುವು. ಈ ಘಟನೆಗಳು ಸ್ವತಂತ್ರವಲ್ಲ, ಗುಂಪಾಗಿ ಬರುವಂಥವು. ಆದರೂ ಮೇಲಿನ ಲೆಕ್ಕಕ್ಕೆ ಧಕ್ಕೆಯಿಲ್ಲ. ಅಲ್ಲಿ ಸಂಭವನೀಯತೆಗಳನ್ನು ಕೂಡಿದ್ದೇವೆಯೇ ಹೊರತು ಗುಣಿಸಿಲ್ಲ, ಕೂಡುವುದಕ್ಕೆ ಸ್ವಾತಂತ್ರ್ಯದ ಹಂಗಿಲ್ಲ.

ನಿಯಮವನ್ನು ಸಡಿಲಿಸಿದರೆ ಏನಾಗುತ್ತದೆ? n² ಬದಲು n ಅನ್ನು ಮುಟ್ಟಿದರೆ ಸಾಕು ಎನ್ನೋಣ. ಆಗ 1000ದಲ್ಲಿ 10 ಹೆಡ್ ಸಾಕು, ಹತ್ತು ಲಕ್ಷದಲ್ಲಿ 20. ಗೆಲುವಿನ ಸಂಭವನೀಯತೆ 1/n ರ ಆಸುಪಾಸಿನದು, ಅದರ ಅರ್ಧಕ್ಕಿಂತ ಎಂದೂ ಕೆಳಗಿಳಿಯದು. 1 + 1/2 + 1/3 + 1/4 + … ಎಂಬ ಮೊತ್ತಕ್ಕೆ ಮಿತಿಯೇ ಇಲ್ಲ: 1/3 ಮತ್ತು 1/4 ಸೇರಿ ಅರ್ಧಕ್ಕಿಂತ ಹೆಚ್ಚು, ಮುಂದಿನ ನಾಲ್ಕು ಪದಗಳು ಸೇರಿ ಮತ್ತೆ ಅರ್ಧಕ್ಕಿಂತ ಹೆಚ್ಚು, ಅದರ ಮುಂದಿನ ಎಂಟು ಸೇರಿ ಮತ್ತೂ ಅರ್ಧಕ್ಕಿಂತ ಹೆಚ್ಚು. ಈ ಸಡಿಲ ಆಟದಲ್ಲಿ ಗೆಲುವು ಅನಂತ ಸಲ ಬರುತ್ತದೆ.

ಆದರೆ ಮೊತ್ತ ಬೆಳೆಯುತ್ತಲೇ ಹೋಯಿತು, ಆದ್ದರಿಂದ ಗೆಲುವೂ ಅನಂತ ಎಂದು ನೇರವಾಗಿ ತೀರ್ಮಾನಿಸುವಂತಿಲ್ಲ. ಹಲವರು ಎಡವುವುದು ಇಲ್ಲೇ. ಒಂದು ಮೀಟರ್ ಉದ್ದದ ಕೋಲಿನ ಮೇಲೆ ಯಾದೃಚ್ಛಿಕವಾಗಿ ಒಂದೇ ಒಂದು ಚುಕ್ಕೆ ಇಡಿ. ಆ ಚುಕ್ಕೆ ಕೋಲಿನ ಮೊದಲ 1/n ಭಾಗದೊಳಗಿದ್ದರೆ n-ನೇ ಘಟನೆ ನಡೆಯಿತು ಎನ್ನಿ. ಸಂಭವನೀಯತೆ ಇಲ್ಲೂ 1/n, ಮೊತ್ತಕ್ಕೆ ಇಲ್ಲೂ ಮಿತಿಯಿಲ್ಲ. ಆದರೆ ಚುಕ್ಕೆ 0.013 ಮೀಟರಿನಲ್ಲಿದ್ದರೆ 76ನೇ ಘಟನೆಯವರೆಗೆ ಎಲ್ಲವೂ ನಡೆಯುತ್ತವೆ, 77ರಿಂದಾಚೆಗೆ ಒಂದೂ ಇಲ್ಲ. ಇಲ್ಲಿ ಎಲ್ಲ ಘಟನೆಗಳ ಹಣೆಬರಹವೂ ಒಂದೇ ಚುಕ್ಕೆಗೆ ಕಟ್ಟುಬಿದ್ದಿದೆ. ಹಾಗಾಗಿ ಲೆಮ್ಮಾದ ಈ ಎರಡನೆಯ ಭಾಗಕ್ಕೆ ಘಟನೆಗಳು ಸ್ವತಂತ್ರವಾಗಿರಬೇಕು ಎಂಬ ಷರತ್ತನ್ನು ಬಿಡಲಾಗದು.

ನಾಣ್ಯದ ಸಡಿಲ ಆಟದಲ್ಲಿ ಈ ತೊಡಕನ್ನು ದಾಟಲು ದಾರಿಯಿದೆ. ಒಂದರ ಮೇಲೊಂದು ಬೀಳದ ತುಂಡುಗಳನ್ನಷ್ಟೇ ನೋಡಬೇಕು. 513ರಿಂದ 1024ರವರೆಗಿನ 512 ಚಿಮ್ಮುಗಳಲ್ಲಿ ಗೆಲುವಿಗೆ 10 ಹೆಡ್ ಬೇಕು. ಅವನ್ನು ಹತ್ತು ಹತ್ತರಂತೆ ಕತ್ತರಿಸಿದರೆ 51 ತುಂಡು. ಒಂದೊಂದೂ ಸ್ವತಂತ್ರ, ಒಂದೊಂದರ ಸಂಭವನೀಯತೆ 1/1024. ಎಲ್ಲ ಸೇರಿ ಹೆಚ್ಚು ಕಡಿಮೆ 1/20. ಮುಂದಿನ ಹಂತದಲ್ಲಿ 11 ಹೆಡ್ ಬೇಕು, ಮೊತ್ತ ಸುಮಾರು 1/22. ಆಮೇಲೆ 1/24, 1/26… ಬಲು ನಿಧಾನ. ಆದರೂ ಇದು ಅದೇ ಮಿತಿಯಿಲ್ಲದ ಮೊತ್ತದ ಅರ್ಧ, ನಿಲ್ಲುವುದೇ ಇಲ್ಲ.

ಇತ್ತ ಬಿಗಿ ನಿಯಮದಲ್ಲಿ n² ಎಂದು ಹಿಡಿದದ್ದು ಲೆಕ್ಕದ ಅನುಕೂಲಕ್ಕೆ. 2ರ ಬದಲು 1.01 ಘಾತ ತೆಗೆದುಕೊಂಡರೂ ಮೊತ್ತ ಸೀಮಿತವೇ, ಗೆಲುವು ನಿಂತೇ ನಿಲ್ಲುತ್ತದೆ. ಗಡಿ ಅಷ್ಟು ತೆಳು. ಹಂಗೇರಿಯ ಪಾಲ್ ಏರ್ಡಿಶ್ ಮತ್ತು ಆಲ್ಫ್ರೆಡ್ ರೆನ್ಯಿ 1970ರಲ್ಲಿ ಪ್ರಕಟಿಸಿದ ಫಲಿತಾಂಶ ಇದೇ ಗಡಿಗೆ ಸಂಬಂಧಿಸಿದ್ದು. ಅದರ ಪ್ರಕಾರ N ಸಲ ಚಿಮ್ಮಿದಾಗ ಸಿಗುವ ಅತಿ ಉದ್ದದ ಹೆಡ್ ಸಾಲು, 2ನ್ನು ಎಷ್ಟು ಸಲ ಗುಣಿಸಿದರೆ N ಬರುತ್ತದೋ ಸರಿಸುಮಾರು ಅಷ್ಟೇ ಇರುತ್ತದೆ. N ದೊಡ್ಡದಾದಷ್ಟೂ ಇವೆರಡರ ಅನುಪಾತ 1ಕ್ಕೆ ಹತ್ತಿರವಾಗುತ್ತದೆ. ಸಾವಿರ ಚಿಮ್ಮಿಗೆ 10ರ ಆಸುಪಾಸು, ಹತ್ತು ಲಕ್ಷಕ್ಕೆ 20ರ ಆಸುಪಾಸು.