ಮಸುಕಾದ ನಂಬರ್ ಪ್ಲೇಟಿನ ಲೆಕ್ಕ

ನಮ್ಮ ಬೀದಿಯ ತಿರುವಿನಲ್ಲಿ ನಿಲ್ಲಿಸಿದ್ದ ಸ್ಕೂಟರನ್ನು ಒಂದು ಕಾರು ಕೆಡವಿ, ನಿಲ್ಲದೆ ಹೋಯಿತು. ಸ್ಕೂಟರ್ ಎದುರುಮನೆಯವರದು. ಅವರ ಮಗ ಮೊಬೈಲ್ ತೆಗೆದು ಒಂದೇ ಒಂದು ಫೋಟೊ ಹೊಡೆದ. ಅದರಲ್ಲಿ ಕಾಂಪೌಂಡು, ಮರ, ಬಿದ್ದ ಸ್ಕೂಟರ್ ಎಲ್ಲ ಸ್ಪಷ್ಟವಾಗಿದ್ದವು. ನಂಬರ್ ಪ್ಲೇಟ್ ಮಾತ್ರ ಬೂದಿ ಬಣ್ಣದ ಪಟ್ಟಿ. "ಅಂಕಲ್, ಸಿನಿಮಾದಲ್ಲಿ ಮಾಡ್ತಾರಲ್ಲ, ಹಾಗೆ ಕ್ಲಿಯರ್ ಮಾಡಿಕೊಡಿ" ಎಂದು ಫೋಟೊ ಹಿಡಿದು ಬಂದ.

ಸಿನಿಮಾದಲ್ಲಿ ಮಾಡುವುದು ಸುಳ್ಳು. ಆದರೆ ಹುಡುಗನ ಕೋರಿಕೆ ಪೂರ್ತಿ ಹುಚ್ಚಿನದೂ ಅಲ್ಲ. ಫೋಟೊ ಹೇಗೆ ಕೆಟ್ಟಿದೆಯೆಂದು ನಮಗೆ ಹೆಚ್ಚುಕಡಿಮೆ ಗೊತ್ತಿದ್ದರೆ ಕೆಟ್ಟ ದಾರಿಯಲ್ಲೇ ಹಿಂದಕ್ಕೆ ನಡೆಯಬಹುದು. ಈ ಹಿನ್ನಡಿಗೆಗೆ ಡಿಕನ್ವಲ್ಯೂಷನ್ ಎಂದು ಹೆಸರು.

ಮೊದಲು ಕೆಟ್ಟಿದ್ದು ಹೇಗೆಂದು ನೋಡೋಣ. ಫೋಟೊ ತೆಗೆದಾಗಿನ ವಿವರಗಳನ್ನು ಫೋನು ಫೈಲಿನೊಳಗೇ ಬರೆದಿಟ್ಟಿರುತ್ತದೆ. ಶಟರ್ ತೆರೆದಿದ್ದ ಹೊತ್ತು ಸೆಕೆಂಡಿನ ನೂರನೇ ಒಂದು ಭಾಗ ಎಂದು ಅಲ್ಲಿತ್ತು. ತಿರುವಿನಲ್ಲಿ ಓರೆಯಾಗಿ ಹೋಗುತ್ತಿದ್ದ ಕಾರು ಅಡ್ಡಕ್ಕೆ ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಸರಿಯುತ್ತಿತ್ತು ಎಂದು ಅಂದಾಜು ಮಾಡಿದೆ. ಅಂದರೆ ಸೆಕೆಂಡಿಗೆ 5 ಮೀಟರ್, ಶಟರ್ ಮುಚ್ಚುವಷ್ಟರಲ್ಲಿ 5 ಸೆಂಟಿಮೀಟರ್. ಕಾರಿನ ಪ್ಲೇಟಿನ ಅಗಲ 50 ಸೆಂಟಿಮೀಟರ್, ಫೋಟೊದಲ್ಲಿ ಅದು ಸುಮಾರು 170 ಪಿಕ್ಸೆಲ್. ಹಾಗಾದರೆ ಪ್ಲೇಟಿನ ಮೇಲಿನ ಪ್ರತಿ ಚುಕ್ಕೆಯೂ 17 ಪಿಕ್ಸೆಲ್ ಉದ್ದದ ಅಡ್ಡಗೆರೆಯಾಗಿ ಹರಡಿದೆ. ಒಂದು ಅಕ್ಷರಕ್ಕೆ ಸಿಕ್ಕಿರುವ ಜಾಗವೂ ಸುಮಾರು ಅಷ್ಟೇ. ಒಂದರ ಮೇಲೊಂದು ಅಕ್ಷರ ಬಿದ್ದು ಪಟ್ಟಿಯಾಗಿದೆ.

ಇಲ್ಲಿ ಏನೂ ಅಳಿಸಿಹೋಗಿಲ್ಲ, ಬೆರೆತುಹೋಗಿದೆ ಅಷ್ಟೆ ಎಂದು ಮೊದಲ ನೋಟಕ್ಕೆ ಅನಿಸುತ್ತದೆ. ಅದು ಎಷ್ಟು ನಿಜ ಎಂದು ತಿಳಿಯಲು 17ರ ಬದಲು 3 ಪಿಕ್ಸೆಲಿನ ಮಸುಕನ್ನು ಕೈಯಲ್ಲೇ ಲೆಕ್ಕ ಮಾಡಬಹುದು. ಪೆನ್ಸಿಲ್ ಹಿಡಿದು ಕೂತರೆ ಐದು ನಿಮಿಷದ ಕೆಲಸ.

ಚಿತ್ರದ ಒಂದು ಸಾಲು ಹೀಗಿದೆ ಎನ್ನಿ: 0, 0, 90, 90, 0, 0, 90, 0, 0, 0. ಸೊನ್ನೆ ಎಂದರೆ ಕಪ್ಪು, 90 ಎಂದರೆ ಬೆಳಕು. ಎರಡು ಪಿಕ್ಸೆಲ್ ದಪ್ಪದ ಒಂದು ಗೆರೆ, ಒಂದು ಪಿಕ್ಸೆಲಿನ ಇನ್ನೊಂದು ಗೆರೆ. ಮಸುಕಾದಾಗ ಪ್ರತಿ ಪಿಕ್ಸೆಲಿನಲ್ಲೂ ಅದರ ಮತ್ತು ಅದರ ಹಿಂದಿನ ಎರಡರ ಸರಾಸರಿ ಬಂದು ಕೂರುತ್ತದೆ. ಸಾಲು ಹೀಗಾಗುತ್ತದೆ: 0, 0, 30, 60, 60, 30, 30, 30, 30, 0. ಎರಡು ಗೆರೆಗಳ ನಡುವಿನ ಖಾಲಿ ಜಾಗ ಕಾಣೆಯಾಗಿದೆ, ಸಣ್ಣ ಗೆರೆ ಚಪ್ಪಟೆ ಬೂದಿಯಾಗಿದೆ. ನಮ್ಮ ಪ್ಲೇಟಿಗೆ ಆಗಿರುವುದೂ ಇದೇ.

ಈಗ ಹಿಂದಕ್ಕೆ ಹೋಗೋಣ. ಮಸುಕಾದ ಪಿಕ್ಸೆಲನ್ನು ಮೂರರಿಂದ ಗುಣಿಸಿ, ಆಗಲೇ ಕಂಡುಹಿಡಿದ ಹಿಂದಿನ ಎರಡು ಪಿಕ್ಸೆಲುಗಳನ್ನು ಕಳೆದರೆ ಆಯಿತು. ಮೂರನೆಯದು 30×3, ಅಂದರೆ 90. ನಾಲ್ಕನೆಯದು 180ರಲ್ಲಿ 90 ಕಳೆದು 90. ಐದನೆಯದು 180ರಲ್ಲಿ ಎರಡು ತೊಂಬತ್ತುಗಳನ್ನು ಕಳೆದು ಸೊನ್ನೆ. ಹೀಗೇ ಮುಂದುವರಿದರೆ ಮೂಲ ಸಾಲು ಒಂದು ಅಂಕಿಯೂ ತಪ್ಪದೆ ವಾಪಸು ಬರುತ್ತದೆ. ಮೊದಲ ಸಲ ಇದನ್ನು ಮಾಡಿ ನೋಡಿದಾಗ ನನಗಂತೂ ಮಂತ್ರ ಹಾಕಿದಂತೆ ಕಂಡಿತ್ತು.

ಆದರೆ ಕ್ಯಾಮೆರಾ ಇಷ್ಟು ಪ್ರಾಮಾಣಿಕವಾಗಿ ಅಂಕಿ ಬರೆಯುವುದಿಲ್ಲ. ಬೆಳಕು ಕಣಕಣವಾಗಿ ಬರುವುದರಿಂದಲೇ ಸ್ವಲ್ಪ ಏರುಪೇರು ಇರುತ್ತದೆ, ಸೆನ್ಸರು ತನ್ನದಿಷ್ಟು ಸೇರಿಸುತ್ತದೆ, ಜೆಪೆಗ್ ಆಗಿ ಕುಗ್ಗಿಸುವಾಗ ಇನ್ನಷ್ಟು. ಇದನ್ನೆಲ್ಲ ಒಟ್ಟಾಗಿ ಗದ್ದಲ ಎನ್ನೋಣ. ನಾಲ್ಕನೆಯ ಪಿಕ್ಸೆಲ್ 60ರ ಬದಲು 62 ಎಂದು ದಾಖಲಾಯಿತು ಎಂದುಕೊಂಡು ಲೆಕ್ಕವನ್ನು ಮತ್ತೆ ಮಾಡಿ. ನಾಲ್ಕನೆಯದು 96 ಬರುತ್ತದೆ, ಐದನೆಯದು −6, ಆರನೆಯದು 0, ಏಳನೆಯದು 96, ಎಂಟನೆಯದು −6, ಒಂಬತ್ತನೆಯದು 0, ಹತ್ತನೆಯದು 6. ಎರಡರ ತಪ್ಪು ಆರಾಯಿತು. ಅದಕ್ಕಿಂತ ಕೆಟ್ಟದ್ದೆಂದರೆ ಅದು ಸಾಯುವುದಿಲ್ಲ. +6, −6, 0 ಎಂದು ಮೂರು ಪಿಕ್ಸೆಲಿಗೊಮ್ಮೆ ಸಾಲಿನ ಕೊನೆಯವರೆಗೂ ಮರುಕಳಿಸುತ್ತ ಹೋಗುತ್ತದೆ. ಹದಿನೇಳು ಪಿಕ್ಸೆಲಿನ ಮಸುಕಾದರೆ ತಪ್ಪು ಹದಿನೇಳು ಪಟ್ಟು ಹಿಗ್ಗುತ್ತದೆ, ಮತ್ತು ಪ್ರತಿ ಪಿಕ್ಸೆಲಿನ ತಪ್ಪೂ ತನ್ನದೇ ಸರಣಿಯನ್ನು ಎಳೆದುಕೊಂಡು ಹೊರಡುತ್ತದೆ. ನಾನು ಪ್ಲೇಟಿನ ಮೇಲೆ ಈ ನೇರ ವಿಧಾನ ಪ್ರಯೋಗಿಸಿದಾಗ ಬಂದದ್ದು ಅಕ್ಷರಗಳಲ್ಲ, ಕಂಬಳಿಯ ನೇಯ್ಗೆಯಂಥ ಉದ್ದುದ್ದ ಪಟ್ಟೆ.

ಮೂರರ ಮಸುಕಿಗೆ ತಪ್ಪು ಸರಿಯಾಗಿ ಮೂರಕ್ಕೊಮ್ಮೆಯೇ ಏಕೆ ಮರುಕಳಿಸುತ್ತದೆ? ಯಾವ ಚಿತ್ರವನ್ನಾದರೂ ಬೇರೆಬೇರೆ ಅಗಲದ ಪಟ್ಟೆಗಳ ಮೊತ್ತವಾಗಿ ಬಿಡಿಸಬಹುದು ಎಂಬುದು ಫೂರಿಯರ್ ಕಾಲದಿಂದ ಬಂದ ವಿದ್ಯೆ. 200 ಪಿಕ್ಸೆಲಿಗೊಮ್ಮೆ ಮರುಕಳಿಸುವ ಅಗಲ ಪಟ್ಟೆಗೆ 17 ಪಿಕ್ಸೆಲಿನ ಮಸುಕು ಏನೂ ಮಾಡದು. 34 ಪಿಕ್ಸೆಲಿನ ಪಟ್ಟೆಯಲ್ಲಿ ಕಪ್ಪು ಬಿಳುಪಿನ ವ್ಯತ್ಯಾಸದ ಶೇ. 64 ಉಳಿಯುತ್ತದೆ. ಸರಿಯಾಗಿ 17 ಪಿಕ್ಸೆಲಿನ ಪಟ್ಟೆಯಾದರೆ ಎಲ್ಲಿಂದ ಸರಾಸರಿ ತೆಗೆದರೂ ಒಂದಿಡೀ ಕಪ್ಪು, ಒಂದಿಡೀ ಬಿಳುಪು ಸೇರಿ ಒಂದೇ ಬೂದಿ ಬರುತ್ತದೆ. ಅದು ಬೆರೆತದ್ದಲ್ಲ, ನಿಜಕ್ಕೂ ಅಳಿದದ್ದು. ಹದಿನೇಳರ ಅರ್ಧ, ಮೂರನೇ ಒಂದು ಅಳತೆಯ ಪಟ್ಟೆಗಳಿಗೂ ಅದೇ ಗತಿ. ಇವುಗಳ ನಡುವಿನವು ಕುಂದಿದರೂ ಉಳಿಯುತ್ತವೆ. ಮೇಲಿನ ಕೈಲೆಕ್ಕದಲ್ಲಿ ಸಾಯದೆ ಉಳಿದ ತಪ್ಪು ಇಂಥ ಅಳಿದ ಪಟ್ಟೆಯದೇ ರೂಪ. ಅದನ್ನು ತಡೆಯಲು ಮಸುಕು ಚಿತ್ರದಲ್ಲಿ ಯಾವ ಸಾಕ್ಷಿಯೂ ಇರಲಿಲ್ಲ.

ಹೀಗಾಗಿ ಎಲ್ಲ ಪಟ್ಟೆಗಳನ್ನೂ ಒಂದೇ ಹಟದಿಂದ ಎತ್ತಬಾರದು. ನಾರ್ಬರ್ಟ್ ವೀನರ್ 1940ರ ದಶಕದಲ್ಲಿ ಕೊಟ್ಟ ಸೋಸುವಿಕೆಯ ತಿರುಳು ಇದು. ಪಟ್ಟೆಯೊಂದರಲ್ಲಿ ಉಳಿದಿರುವ ಪಾಲು `H` ಆದರೆ ನೇರ ವಿಧಾನ `1/H`ನಿಂದ ಗುಣಿಸುತ್ತದೆ. ವೀನರ್ ವಿಧಾನದ ಸರಳ ರೂಪ `H/(H² + K)`ನಿಂದ ಗುಣಿಸುತ್ತದೆ. `K` ಎಂದರೆ ಚಿತ್ರಕ್ಕೆ ಹೋಲಿಸಿದರೆ ಗದ್ದಲ ಎಷ್ಟು ಎಂಬ ಅಂದಾಜು, 0.01 ಎನ್ನಿ. ಶೇ. 64 ಉಳಿದ ಪಟ್ಟೆಯನ್ನು ನೇರ ವಿಧಾನ 1.56 ಪಟ್ಟು ಎತ್ತಿದರೆ ಇದು 1.53 ಪಟ್ಟು, ಹೆಚ್ಚು ವ್ಯತ್ಯಾಸವಿಲ್ಲ. ಶೇ. 5 ಮಾತ್ರ ಉಳಿದದ್ದನ್ನು ನೇರ ವಿಧಾನ 20 ಪಟ್ಟು ಎತ್ತುತ್ತದೆ, ಇದು 4 ಪಟ್ಟಿಗೆ ನಿಲ್ಲಿಸುತ್ತದೆ. ಪೂರ್ತಿ ಅಳಿದದ್ದನ್ನು ಮುಟ್ಟುವುದೇ ಇಲ್ಲ. ಪೈಥಾನ್ ಬಲ್ಲವರಿಗೆ `skimage.restoration.wiener` ಎಂಬ ಸಿದ್ಧ ಸಲಕರಣೆಯಿದೆ, ಅಲ್ಲಿ `balance` ಎಂಬ ತಿರುಪು ಹೆಚ್ಚುಕಡಿಮೆ `K`ಯ ಕೆಲಸ ಮಾಡುತ್ತದೆ. ತಿರುಪು ಸಡಿಲವಾದರೆ ಪಟ್ಟೆ ಮೇಲೇಳುತ್ತದೆ, ಬಿಗಿಯಾದರೆ ಮಸುಕು ಹಾಗೇ ಉಳಿಯುತ್ತದೆ.

ಇನ್ನು 17 ಎಂಬುದೇ ನನ್ನ ಊಹೆಯಲ್ಲವೇ? ಕಾರಿನ ವೇಗವನ್ನು ಯಾರೂ ಅಳೆದಿಲ್ಲ. ಅದನ್ನು ಫೋಟೊವನ್ನೇ ಕೇಳಬಹುದು. ಕಾರಿನ ಹಿಂಭಾಗದ 512 ಪಿಕ್ಸೆಲ್ ಅಗಲದ ತುಂಡನ್ನು ಕತ್ತರಿಸಿ ಅದರ ಫೂರಿಯರ್ ಚಿತ್ರ ಬಿಡಿಸಿದರೆ, ಅಳಿದ ಪಟ್ಟೆಗಳು ಇರಬೇಕಾದ ಕಡೆ ಕಪ್ಪು ಕಂಬಗಳು ಸಾಲಾಗಿ ಕಾಣುತ್ತವೆ. ಕಂಬಗಳ ನಡುವಿನ ದೂರ 30 ಬಂದರೆ 512ನ್ನು 30ರಿಂದ ಭಾಗಿಸಿ, 17. ಕಂಬಗಳು ಓರೆಯಾಗಿದ್ದರೆ ಚಲನೆಯೂ ಅಷ್ಟೇ ಓರೆ. ಫೋಟೊದಲ್ಲಿ ಕಾರಿನ ಮೇಲೆ ಬಿಸಿಲು ಮಿನುಗಿದ ಒಂದು ಚುಕ್ಕೆ ಇದ್ದರೆ ಇನ್ನೂ ಸುಲಭ, ಅದು ಎಳೆದ ಗೆರೆಯೇ ಮಸುಕಿನ ರೂಪ. ಆಮೇಲೆ 15ರಿಂದ 19ರವರೆಗೆ ಒಂದೊಂದೇ ಹಾಕಿ ನೋಡಬೇಕು. ಉದ್ದ ತಪ್ಪಿದ್ದರೆ ಅಂಚುಗಳ ಪಕ್ಕದಲ್ಲಿ, ಮಸುಕಿನ ಉದ್ದದಷ್ಟು ದೂರದಲ್ಲಿ, ದೆವ್ವದಂಥ ಇನ್ನೊಂದು ಅಂಚು ನಿಲ್ಲುತ್ತದೆ. ಅದು ಅತಿ ಕಡಿಮೆ ಕಾಣುವ ಅಳತೆಯನ್ನು ಹಿಡಿಯಬೇಕು. ದೆವ್ವದ ಅಂಚನ್ನೇ ಅಕ್ಷರದ ಭಾಗವೆಂದು ಓದಿದವರು ಇದ್ದಾರೆ, ನಾನೂ ಒಬ್ಬ.

ಎರಡು ಜಾಗ್ರತೆ. ಮೆಸೇಜಿನಲ್ಲಿ ಕಳಿಸಿದ ಪ್ರತಿ ಬೇಡ, ಫೋನಿನ ಮೂಲ ಫೈಲೇ ಬೇಕು. ಮರುಕುಗ್ಗಿಸುವಿಕೆ ಮೊದಲು ಬಲಿ ಕೊಡುವುದು ನಮಗೆ ಬೇಕಾದ ಸಣ್ಣ ವಿವರಗಳನ್ನೇ. ಎರಡನೆಯದು, ಫೋನು ಬರೆಯುವ ಅಂಕಿ ಬೆಳಕಿಗೆ ನೇರ ಅನುಪಾತದಲ್ಲಿ ಇರುವುದಿಲ್ಲ, ಕಣ್ಣಿಗೆ ಒಪ್ಪುವಂತೆ ಬಗ್ಗಿಸಿರುತ್ತದೆ. ಸರಾಸರಿಯಾದದ್ದು ಬೆಳಕು, ಅಂಕಿಯಲ್ಲ. ಅಂಕಿಯನ್ನು 0ರಿಂದ 1ರೊಳಗೆ ತಂದು 2.2ರ ಘಾತಕ್ಕೆ ಏರಿಸಿದರೆ ಆ ಬಗ್ಗು ಸುಮಾರಾಗಿ ನೇರವಾಗುತ್ತದೆ.

ಫೋಕಸ್ ತಪ್ಪಿದ ಫೋಟೊಗೂ ಇದೇ ದಾರಿ, ರೂಪ ಮಾತ್ರ ಬೇರೆ. ಅಲ್ಲಿ ಚುಕ್ಕೆ ಗೆರೆಯಾಗುವುದಿಲ್ಲ, ದುಂಡು ಬಿಲ್ಲೆಯಾಗುತ್ತದೆ. ಕಪ್ಪು ಕಂಬಗಳ ಬದಲು ಕಪ್ಪು ಉಂಗುರಗಳು ಸಿಗುತ್ತವೆ. ಮೊದಲ ಉಂಗುರ ದಾಟಿದ ವಿವರಗಳಲ್ಲಿ ಕಪ್ಪಿದ್ದಲ್ಲಿ ಬಿಳುಪು, ಬಿಳುಪಿದ್ದಲ್ಲಿ ಕಪ್ಪು ಅದಲುಬದಲಾಗಿರುತ್ತದೆ. ಫೋಕಸ್ ತಪ್ಪಿದ ಜಾಲರಿಯಲ್ಲಿ ಕಂಬಿ ಬೆಳ್ಳಗೂ ಸಂದು ಕಪ್ಪಗೂ ಕಾಣುವುದು ಅದಕ್ಕೇ. ತೊಡಕೆಂದರೆ ಹತ್ತಿರದ ವಸ್ತುವಿಗೆ ಒಂದು ಬಿಲ್ಲೆ, ದೂರದ್ದಕ್ಕೆ ಇನ್ನೊಂದು, ಆದ್ದರಿಂದ ಇಡೀ ಫೋಟೊಗೆ ಒಂದೇ ಲೆಕ್ಕ ಸಲ್ಲದು.

ಆ ತೊಡಕು ಇಲ್ಲದ ಜಾಗ ಆಕಾಶ. 1990ರ ಏಪ್ರಿಲಿನಲ್ಲಿ ಮೇಲೇರಿದ ಹಬಲ್ ದೂರದರ್ಶಕದ ಕನ್ನಡಿಯನ್ನು ಅಂಚಿನಲ್ಲಿ ಸುಮಾರು 2 ಮೈಕ್ರೋಮೀಟರಿನಷ್ಟು ಹೆಚ್ಚು ಚಪ್ಪಟೆಯಾಗಿ ಉಜ್ಜಲಾಗಿತ್ತು. ನಕ್ಷತ್ರದ ಬೆಳಕಿನಲ್ಲಿ ಶೇ. 70ರಷ್ಟು ನಡುಚುಕ್ಕೆಯಲ್ಲಿ ಬೀಳಬೇಕಾದದ್ದು ಶೇ. 15ರಷ್ಟು ಮಾತ್ರ ಬಿತ್ತು, ಉಳಿದದ್ದು ಸುತ್ತ ಚೆಲ್ಲಿತು. ಆದರೆ ಪ್ರತಿ ನಕ್ಷತ್ರವೂ ಮಸುಕಿನ ರೂಪವನ್ನು ತಾನೇ ಬರೆದು ತೋರಿಸುತ್ತಿತ್ತು. ರಿಚರ್ಡ್‌ಸನ್ 1972ರಲ್ಲಿ, ಲೂಸಿ 1974ರಲ್ಲಿ ಬೇರೆಬೇರೆಯಾಗಿ ಕಂಡುಕೊಂಡಿದ್ದ ವಿಧಾನ ಆಗ ಕೆಲಸಕ್ಕೆ ಬಂತು. ಒಂದು ಊಹೆಯ ಚಿತ್ರವನ್ನು ಮಸುಕು ಮಾಡಿ, ನಿಜ ಫೋಟೊದೊಂದಿಗೆ ಹೋಲಿಸಿ, ಆ ಅನುಪಾತದಿಂದ ಊಹೆಯನ್ನು ತಿದ್ದುತ್ತ ಹೋಗುವುದು ಅದರ ಬಗೆ. ನಮ್ಮ −6ರಂಥ ಅಸಂಬದ್ಧ ಬೆಳಕು ಅಲ್ಲಿ ಹುಟ್ಟುವುದೇ ಇಲ್ಲ. ಹೊಳೆಯುವ ಕಾಯಗಳ ಚಿತ್ರಗಳು ಉಳಿದವು. ಮಂಕಾದವು ಗದ್ದಲದಲ್ಲಿ ಮುಳುಗಿದ್ದವು, ಅವುಗಳಿಗೆ ಲೆಕ್ಕ ನೆರವಾಗಲಿಲ್ಲ. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳೇ ಹೋಗಿ ದೂರದರ್ಶಕಕ್ಕೆ ಕನ್ನಡಕ ಹಾಕಿದಂತೆ ತಿದ್ದುಗನ್ನಡಿಗಳನ್ನು ಕೂರಿಸಬೇಕಾಯಿತು.

ಮತ್ತೆ ನಮ್ಮ ಪ್ಲೇಟಿಗೆ. ಅಡ್ಡಕ್ಕೆ ಸರಿದ ಮಸುಕು ಅಡ್ಡಗೆರೆಗಳನ್ನು ಅಷ್ಟಾಗಿ ಕೆಡಿಸುವುದಿಲ್ಲ, ನಿಂತ ಗೆರೆಗಳನ್ನು ಕೊಲ್ಲುತ್ತದೆ. ಹಾಗಾಗಿ 0 ಮತ್ತು 8ರ ನಡುವೆ ಅನುಮಾನ ಉಳಿಯಲಿಲ್ಲ, 8ರ ನಡುಗೆರೆ ಮೊದಲಿಂದಲೂ ಮಬ್ಬಾಗಿ ಇತ್ತು. 3 ಮತ್ತು 8ರ ವ್ಯತ್ಯಾಸ ಇರುವುದು ಎಡಗಡೆಯ ನಿಂತ ಗೆರೆಗಳಲ್ಲಿ. ಕೊನೆಯಿಂದ ಎರಡನೆಯ ಅಂಕಿ 17 ಹಾಕಿದರೆ 3ರಂತೆ ಕಂಡಿತು, 18 ಹಾಕಿದರೆ 8ರಂತೆ. ಪರೀಕ್ಷೆಗೆಂದು ಎರಡೂ ಅಂಕಿಗಳನ್ನು ಅದೇ ಅಳತೆಯಲ್ಲಿ ಬರೆದು ನಾನೇ ಮಸುಕು ಮಾಡಿ ಫೋಟೊದ ಪಕ್ಕ ಇಟ್ಟೆ. ಎರಡಕ್ಕೂ ಮೂಲಕ್ಕೂ ಇದ್ದ ವ್ಯತ್ಯಾಸ ಗದ್ದಲಕ್ಕಿಂತ ಹೆಚ್ಚಿರಲಿಲ್ಲ.

ಹುಡುಗನಿಗೆ ಎರಡೂ ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ.